ಕೆರೆ ತಾಯಿ ತುಂಬಿರುವ ಬಗ್ಗೆ

ಮುದ್ದಗೆರೆಯ ಕೆರೆ ಹದಿನೇಳು ವರ್ಷದ ಮೇಲೆ ಕೋಡಿ ಬಿದ್ದದ್ದು ಆ ಸಲದ ಸ್ವಾತಿ ಮಳೆಯಲ್ಲಿ. ಊರಿನ ಸಣ್ಣ ಮಕ್ಕಳು ಅಷ್ಟು ನೀರನ್ನು ಕಂಡಿರಲೇ ಇಲ್ಲ. ಕೋಡಿಯ ಕಲ್ಲುಗಳ ಮೇಲೆ ನೀರು ಹಾಲಿನ ಹಾಗೆ ನೊರೆಯಾಗಿ ಇಳಿಯುವುದನ್ನು ನೋಡಲು ಅಕ್ಕಪಕ್ಕದ ನಾಲ್ಕು ಹಳ್ಳಿಯವರು ಬೈಕಿನಲ್ಲಿ, ಟ್ರ್ಯಾಕ್ಟರಿನಲ್ಲಿ ಬಂದರು. ಏರಿಯ ಮೇಲೆ ಕಡಲೆಕಾಯಿ ಮಾರುವವನೂ ಒಬ್ಬ ಬಂದು ಕೂತ.

ಐದನೆಯ ದಿನ ಬೆಳಿಗ್ಗೆ ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಚಿಕ್ಕೀರಯ್ಯ ಏರಿಯ ಕೆಳಗಿನ ಅಂಚಿನಲ್ಲಿ ನಡೆದುಕೊಂಡು ಬರುತ್ತಿದ್ದಾಗ ತೂಬಿನ ಎಡಕ್ಕೆ ಮೂರು ಮಾರು ದೂರದಲ್ಲಿ ಹುಲ್ಲು ಒದ್ದೆಯಾಗಿರುವುದು ಕಂಡಿತು. ಕೂತು ಕೈಯಿಂದ ಹುಲ್ಲು ಸರಿಸಿದ. ಹೆಬ್ಬೆರಳು ಹೋಗುವಷ್ಟು ಬಾಯಿ. ಅದರಿಂದ ದಾರದಂತೆ ನೀರು. ತಿಳಿಯಾಗಿಯೇ ಇತ್ತು. ಅವನು ಬಹಳ ಹೊತ್ತು ಅಲ್ಲೇ ಕೂತಿದ್ದು, ಮನೆಗೆ ಬಂದು ಸೊಸೆ ಪಂಕಜಳಿಗೆ ಇಷ್ಟೇ ಹೇಳಿದ: "ತಾಯಿ ಬೆವರ್ತಾವ್ಳೆ ಕಣವ್ವ."

ಮುದ್ದಗೆರೆಯಲ್ಲಿ ಕೆರೆ ತುಂಬಿರುವಾಗ ಒಂದು ಮಾತನ್ನು ಯಾರೂ ಆಡುವುದಿಲ್ಲ. 'ಒಡೆ' ಎನ್ನುವ ಮಾತು. ಏರಿಯ ಮೇಲೆ ಪೂಜೆ ಮಾಡಿದರೂ ಕಾಯಿ ಒಡೆದೆವು ಅನ್ನುವುದಿಲ್ಲ, ಕಾಯಿ ಸಲ್ಲಿಸಿದೆವು ಅನ್ನುತ್ತಾರೆ. ಮನೆಯಲ್ಲಿ ಮಡಕೆ ಕೈಜಾರಿದರೆ ಮಡಕೆ ಹೋಯ್ತು. ಮಕ್ಕಳ ಮಂಡಿ ಕಿತ್ತು ಹೋದರೆ ಚರ್ಮ ಸುಲೀತು. ಏರಿ ಸೋರಿದರೆ ಬೆವರು. ಕೆರೆ ಕೇಳಿಸಿಕೊಳ್ಳುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಯಾರೂ ಅದನ್ನು ಪರೀಕ್ಷೆ ಮಾಡಲು ಹೋಗಿರಲಿಲ್ಲ.

ಏರಿಯ ಕೆಳಗೆ ಹನ್ನೊಂದು ಮನೆಗಳು. ನೀರುಗಂಟಿಯ ಮನೆ ಅದರಲ್ಲಿ ಒಂದು. ಕೆರೆ ಬತ್ತಿದ್ದ ವರ್ಷಗಳಲ್ಲಿ ಒಂದೊಂದಾಗಿ ಕಟ್ಟಿಕೊಂಡ ಮನೆಗಳು. ಪಂಚಾಯ್ತಿಯವರೇ ಹಕ್ಕುಪತ್ರ ಕೊಟ್ಟಿದ್ದರು. ಈಗ ಪಂಕಜ ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಏರಿ ಕಾಣುತ್ತಿತ್ತು, ಏರಿಯ ಆಚೆ ಆಕಾಶ. ಆ ಆಕಾಶಕ್ಕೂ ಏರಿಗೂ ನಡುವೆ ನೀರು ನಿಂತಿದೆ, ತನ್ನ ಮನೆಯ ಹೆಂಚಿಗಿಂತ ಎರಡಾಳು ಮೇಲೆ ನಿಂತಿದೆ ಎನ್ನುವುದು ಮೊದಲೆಲ್ಲ ಅವಳ ತಲೆಗೆ ಬಂದಿರಲಿಲ್ಲ. ಮಾವ ಆ ಮಾತು ಹೇಳಿದ ಮೇಲೆ, ನೀರು ಸೇದುವಾಗಲೂ ಮಗಳ ಜಡೆ ಹಾಕುವಾಗಲೂ ಕತ್ತು ತಾನಾಗಿ ಮೇಲಕ್ಕೆ ತಿರುಗುತ್ತಿತ್ತು.

ಪಂಚಾಯ್ತಿಯಲ್ಲಿ ವಿಚಾರಿಸಿದಾಗ ಅದು ದೊಡ್ಡ ಕೆರೆ, ನಮಗೆ ಬರುವುದಿಲ್ಲ, ಸಣ್ಣ ನೀರಾವರಿ ಇಲಾಖೆಯದು ಎಂದರು. ಆ ಇಲಾಖೆಯ ಇಂಜಿನಿಯರು ಇರುವುದು ಜಿಲ್ಲಾ ಕೇಂದ್ರದಲ್ಲಿ, ಮೂರು ತಾಲ್ಲೂಕಿಗೆ ಒಬ್ಬರು. ಅವರ ಫೋನು ಎರಡು ದಿನ ಸ್ವಿಚ್ ಆಫ್. ಕೊನೆಗೆ ತಹಶೀಲ್ದಾರರಿಗೇ ಅರ್ಜಿ ಕೊಡುವುದೆಂದು ತೀರ್ಮಾನವಾಯಿತು.

ಊರಿನಲ್ಲಿ ಅರ್ಜಿ ಎಂದರೆ ತಿಮ್ಮರಾಯಪ್ಪ ಮೇಷ್ಟ್ರು. ನಿವೃತ್ತರಾಗಿ ಹನ್ನೆರಡು ವರ್ಷವಾಗಿತ್ತು. ಬಸ್ಸು ಕೇಳಿ, ವಿದ್ಯುತ್ತು ಕೇಳಿ, ನ್ಯಾಯಬೆಲೆ ಅಂಗಡಿ ಕೇಳಿ ಅವರು ಬರೆದ ಅರ್ಜಿಗಳ ನಕಲುಗಳು ಒಂದು ಟ್ರಂಕಿನ ತುಂಬ ಇದ್ದವು. ಕೈ ನಡುಗುತ್ತಿದ್ದುದರಿಂದ ಈಗೀಗ ಅವರು ಹೇಳುವುದು, ಪಂಕಜ ಬರೆಯುವುದು. ಅವಳು ಪಿಯುಸಿ ಮುಗಿಸಿದ್ದಳು, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುತ್ತಿದ್ದಳು, ಅಕ್ಷರ ದುಂಡಗಿತ್ತು.

"ವಿಷಯ ಅಂತ ಹಾಕಮ್ಮ," ಎಂದರು ಮೇಷ್ಟ್ರು ಕಣ್ಣು ಮುಚ್ಚಿಕೊಂಡು. "ಮುದ್ದಗೆರೆ ಗ್ರಾಮದ ಕೆರೆ ತಾಯಿಯು ತುಂಬಿ ಹರಿಯುತ್ತಿರುವ ಬಗ್ಗೆ ಹಾಗೂ ತಮ್ಮ ಕೃಪಾದೃಷ್ಟಿ ಕೋರಿ."

"ಬೆವರೋ ವಿಷ್ಯ, ಮೇಷ್ಟ್ರೆ?"

"ಅದು ಒಳಗಡೆ ಬರುತ್ತೆ. ಹೊಸಲಲ್ಲೇ ಅಪಶಕುನ ನಿಲ್ಲಿಸ್ತಾರೇನಮ್ಮ?"

ಒಳಗಡೆ ಬಂತು. ಮಳೆರಾಯನಿಗೆ ಒಂದು ಪ್ಯಾರಾ, ಕೆರೆ ಕಟ್ಟಿಸಿದ ಪಾಳೇಗಾರನಿಗೆ ಒಂದು ಪ್ಯಾರಾ ಕಳೆದ ಮೇಲೆ, ಮೂರನೆಯದರಲ್ಲಿ, 'ತಾಯಿಯ ಏರಿಯು ಒಂದೆಡೆ ಸ್ವಲ್ಪ ಬೆವರುತ್ತಿದ್ದು ತಾವು ಖುದ್ದು ಬಂದು ನೋಡಿ ಧೈರ್ಯ ತುಂಬಬೇಕಾಗಿ' ಎಂದು. ಶುಕ್ರವಾರ ಮೇಷ್ಟ್ರೇ ಹೋಗಿ ತಾಲ್ಲೂಕು ಕಚೇರಿಯಲ್ಲಿ ಕೊಟ್ಟು ನಕಲಿನ ಮೇಲೆ ಸೀಲು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡು ಬಂದರು. ಶನಿವಾರ ಎರಡನೇ ಶನಿವಾರ. ಭಾನುವಾರ ರಜೆ. ಸೋಮವಾರ ಯಾರೂ ಬರಲಿಲ್ಲ. ದಾರದಂತಿದ್ದ ನೀರು ಕಿರುಬೆರಳಿನಷ್ಟಾಯಿತು.

ಮಂಗಳವಾರ ಮಧ್ಯಾಹ್ನ ಪಂಕಜಳ ಫೋನು ಬಡಿದುಕೊಂಡಿತು. ಅರ್ಜಿಯ ಕೆಳಗೆ ಅವಳ ನಂಬರನ್ನೇ ಹಾಕಿದ್ದರು.

"ತಾಲ್ಲೂಕ್ ಆಫೀಸಿಂದ ಮಾತಾಡ್ತಿರೋದು. ಮುದ್ದಗೆರೆ ಕೆರೆ ಅರ್ಜಿ ನಿಮ್ದಾ?"

ಅವಳ ಎದೆ ಹಗುರಾಯಿತು. "ಹೌದು ಸಾರ್, ನಮ್ದೇ."

"ಶುಕ್ರವಾರ ಹನ್ನೊಂದು ಗಂಟೆಗೆ ಶಾಸಕರು ಬಾಗಿನ ಬಿಡೋಕೆ ಬರ್ತಾರೆ. ಮೊರದ ಬಾಗಿನ ಎಷ್ಟು ಮಾಡ್ಸ್ತೀರಿ? ಏರಿ ಮೇಲೆ ಶಾಮಿಯಾನಕ್ಕೆ ಜಾಗ ಇದೆಯಾ? ಇನ್ನೂರು ಜನ ನಿಲ್ಬೋದಾ, ಕಾರು ಬರತ್ತಾ?"

"ಸಾರ್, ಬಾಗಿನ ಅಲ್ಲ ಸಾರ್. ಏರಿ ಬೆವರ್ತಾ ಇದೆ."

"ಬೆವರತ್ತೆ ಅಂತಾನೇ ಕಣಮ್ಮ, ಶಾಮಿಯಾನ ಕೇಳ್ತಿರೋದು. ಹನ್ನೊಂದು ಗಂಟೆ ಬಿಸಿಲು ಅಂದ್ರೆ ಸುಮ್ನೇನಾ? ವಾದ್ಯದವರನ್ನ ನೀವೇ ನೋಡ್ಕೊಳಿ." ಫೋನು ಇಟ್ಟಾಯಿತು. ತಿರುಗಿ ಮಾಡಿದರೆ ಎಂಗೇಜು.

ಮೇಷ್ಟ್ರಿಗೆ ಹೇಳಿದಾಗ ಅವರು ಹಿಗ್ಗಿ ಎದ್ದು ನಿಂತರು. "ನೋಡ್ದಾ ಅರ್ಜಿ ಮಹಿಮೆ! ತಹಶೀಲ್ದಾರರನ್ನ ಕೇಳಿದ್ರೆ ಶಾಸಕರೇ ಬರ್ತಾವ್ರೆ. ಬಂದಾಗ ಕೈಮುಗ್ದು ಕಿವೀಲಿ ಒಂದ್ಮಾತು ಹಾಕಿದ್ರೆ ಆಯ್ತು."

"ಶುಕ್ರವಾರದ ತನಕ ಕಾಯ್ಬೇಕಲ್ಲ, ಮೇಷ್ಟ್ರೆ. ಇನ್ನೂರು ಜನ, ಕಾರು, ಎಲ್ಲಾ ಏರಿ ಮೇಲೆ."

"ಮೂರು ದಿನ ಕಣಮ್ಮ. ಹದಿನೇಳು ವರ್ಷ ಕಾದಿಲ್ವಾ?"

ಅವಳು ಅಲ್ಲಿಂದ ನೇರವಾಗಿ ಏರಿಯ ಬುಡಕ್ಕೆ ಹೋದಳು. ಮಾವ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದ. ನೀರು ಈಗ ತಿಳಿಯಾಗಿರಲಿಲ್ಲ. ಟೀಯ ಬಣ್ಣಕ್ಕೆ ತಿರುಗಿತ್ತು. ಚಿಕ್ಕೀರಯ್ಯ ಒಂದು ಗಾಜಿನ ಲೋಟದಲ್ಲಿ ಅದನ್ನು ಹಿಡಿದು ಪಕ್ಕದ ಕಲ್ಲಿನ ಮೇಲಿಟ್ಟಿದ್ದ. ಇಬ್ಬರೂ ಅದನ್ನೇ ನೋಡುತ್ತ ಕೂತರು. ಮೇಲಿನ ನೀರು ನಿಧಾನವಾಗಿ ತಿಳಿಯಾಯಿತು. ತಳದಲ್ಲಿ ಕೆಂಪು ಮಣ್ಣು ಉಗುರಿನ ಅಗಲ ಕೂತಿತು.

"ಬರೀ ನೀರು ಬಂದ್ರೆ ಭಯ ಇಲ್ಲ," ಎಂದ ಚಿಕ್ಕೀರಯ್ಯ. "ಮಣ್ಣು ಬತ್ತಾ ಐತೆ ಅಂದ್ರೆ ಒಳಗೆ ಮನೆ ಮಾಡ್ತಾ ಐತೆ. ಇವತ್ತು ಇಷ್ಟು ಮಣ್ಣು ಹೋದ ಜಾಗ ಒಳಗೆ ಖಾಲಿ ಐತಲ್ಲ, ನಾಳಿಕೆ ಅದು ದೊಡ್ಡದಾಯ್ತದೆ."

"ತೂಬು ಎತ್ತಿ ನೀರು ಇಳಿಸಾಕಾಗಲ್ವಾ, ಮಾವ?"

"ಮೂರು ದಿನದಿಂದ ಎತ್ತಿ ಎತ್ತಿ ಸಾಕಾದೆ. ಹದಿನೇಳು ವರ್ಷದ ತುಕ್ಕು."

"ಶುಕ್ರವಾರದ ತನಕ ಇರ್ತಾಳಾ?"

ಅವನು ಲೋಟದ ನೀರನ್ನು ಹುಲ್ಲಿಗೆ ಚೆಲ್ಲಿ, ಮಣ್ಣನ್ನು ಬೆರಳಿಂದ ಒರೆಸಿದ.

"ಹೊಸ ಅರ್ಜಿ ಬರ್ಕೊಂಡು ನಾನೇ ಹೋಗ್ತೀನಿ. ಆ ಮಾತು ಹಾಕಿ ಬರೀತೀನಿ."

"ಹಾಕ್ಬ್ಯಾಡ." ಅವನು ಥಟ್ಟನೆ ತಲೆಯೆತ್ತಿದ. "ನಮ್ಮಪ್ಪ ಒಂದ್ಸಾರಿ ಕುಡ್ದು ಏರಿ ಮೇಲೆ ನಿಂತು ಅಂದಿದ್ದ. ಆ ವರ್ಸ ಕೆರೆಗೇನೂ ಆಗ್ನಿಲ್ಲ. ನಮ್ಮವ್ವ ಹೋದ್ಲು. ಬ್ಯಾರೆ ಏನಾರ ಬರಿ. ಅದು ಬ್ಯಾಡ."

ಬುಧವಾರ ಏಳೂವರೆ ಬಸ್ಸಿಗೆ ಅವಳು ಹೊರಟಳು. ಗಂಡ ಲಾರಿ ಮೇಲಿದ್ದ, ಬರುವುದು ಭಾನುವಾರ. ಆರು ವರ್ಷದ ಮಗಳನ್ನು ಪಕ್ಕದ ಮನೆಯ ಈರಮ್ಮನ ಹತ್ತಿರ ಬಿಟ್ಟಳು. ಈರಮ್ಮನ ಮನೆ ಇರುವುದೂ ಏರಿಯ ಕೆಳಗೇ. ಶಾಲೆಗೆ ಕಳಿಸಬಹುದಿತ್ತು, ಆದರೆ ಮಗುವಿಗೆ ಜ್ವರ. "ಅಕ್ಕ, ಸ್ವಲ್ಪ ಏನಾದ್ರೂ ಸದ್ದಾದ್ರೆ ಮಗೀನ ಎತ್ಕೊಂಡು ಶಾಲೆ ಕಡೆ ಹೋಗ್ಬುಡು," ಎಂದಳು. ಈರಮ್ಮ ನಕ್ಕಳು. "ಎಂತಾ ಸದ್ದೇ? ನಿಂಗೂ ನಿಮ್ಮಾವನ ಗಾಳಿ ಬಡ್ದೈತೆ. ಹೋಗ್ಬಾ, ಬರ್ವಾಗ ಒಂದ್ಕಾಲ್ ಕೇಜಿ ಖಾರಸೇವೆ ತತ್ತಾ."

ಬಸ್ಸಿನ ಕುಲುಕಾಟದಲ್ಲಿ ತೊಡೆಯ ಮೇಲೆ ಸಂಘದ ಪುಸ್ತಕ ಇಟ್ಟುಕೊಂಡು ಅವಳು ಬರೆದಳು. 'ವಿಷಯ: ಮುದ್ದಗೆರೆ ಕೆರೆಯ ಏರಿಯಲ್ಲಿ ನೀರು ಬರುತ್ತಿರುವ ಬಗ್ಗೆ.' ಅದರ ಕೆಳಗೆ, ಮೇಷ್ಟ್ರಿಂದ ಕಲಿತಿದ್ದ ಹಾಗೆ, 'ಉಲ್ಲೇಖ' ಎಂದು ಹಾಕಿ ಹಳೆಯ ಅರ್ಜಿಯ ಸಂಖ್ಯೆ, ದಿನಾಂಕ. ಮೇಲಿನ ಸಾಲನ್ನು ಮೂರು ಸಲ ಓದಿಕೊಂಡಳು. ತಪ್ಪೇನೂ ಇರಲಿಲ್ಲ. ಮಾವ ಬೇಡವೆಂದ ಮಾತೂ ಇರಲಿಲ್ಲ.

ತಾಲ್ಲೂಕು ಕಚೇರಿಯ ಟಪಾಲು ಕಿಟಕಿಯ ಮುಂದೆ ಇಪ್ಪತ್ತು ಜನ. ಒಳಗೆ ಕಂಪ್ಯೂಟರಿನ ಮುಂದೆ ವನಜಾಕ್ಷಿ ಎಂಬ ಐವತ್ತರ ಹತ್ತಿರದ ಗುಮಾಸ್ತೆ, ಕನ್ನಡಕ ಮೂಗಿನ ತುದಿಯಲ್ಲಿ. ಎಡಗೈಯಲ್ಲಿ ಕಾಗದ ತೆಗೆದುಕೊಳ್ಳುವುದು, ಕಣ್ಣು ಒಂದೇ ಸಾಲಿನ ಮೇಲೆ ಓಡಿಸುವುದು, ಕಂಪ್ಯೂಟರಿನಲ್ಲಿ ಆ ಸಾಲನ್ನೇ ಕುಟ್ಟುವುದು, ಕಾಗದದ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಎರಡಕ್ಷರ ಗೀಚಿ, ಸೀಲು ಹೊಡೆದು, ಹಿಂದಿನ ಗೂಡುಗಳಲ್ಲಿ ಒಂದಕ್ಕೆ ಹಾಕುವುದು. ಪಿಂಚಣಿ, ಪಹಣಿ, ಪಡಿತರ, ಚುನಾವಣೆ. ಪ್ರತಿ ಕಾಗದಕ್ಕೆ ಒಂದು ನಿಮಿಷವೂ ಇಲ್ಲ. ಯಾವುದನ್ನೂ ಅವರು ಎರಡನೆಯ ಸಾಲಿನವರೆಗೆ ಓದಿದ್ದನ್ನು ಪಂಕಜ ಕಾಣಲಿಲ್ಲ.

ಹನ್ನೊಂದು ಗಂಟೆಗೆ ಅವಳ ಸರದಿ ಬಂತು.

ವನಜಾಕ್ಷಿ ಉಲ್ಲೇಖದ ಸಂಖ್ಯೆ ನೋಡಿ ಅದನ್ನೇ ಕುಟ್ಟಿದರು. "ಓ, ಮುದ್ದಗೆರೆ ಬಾಗಿನದ್ದು. ಹಳೇ ಕಡತಕ್ಕೇ ಸೇರ್ಸ್ತೀನಿ. ಶಾಸಕರ ಕಾರ್ಯಕ್ರಮ, ಶಿಷ್ಟಾಚಾರದ ಟೇಬಲ್ಲು." ಕೆಂಪು ಪೆನ್ನು ಮೂಲೆಗೆ ಇಳಿಯಿತು.

ಪಂಕಜ ಕಿಟಕಿಯೊಳಗೆ ಕೈ ಹಾಕಿ ಕಾಗದವನ್ನು ಹಿಡಿದುಕೊಂಡಳು.

"ಏ! ಬಿಡಮ್ಮ. ಹರಿದೋಗತ್ತೆ."

"ಮೇಡಂ, ಬಾಗಿನಕ್ಕೆ ಹಾಕ್ಬೇಡಿ. ಬಾಗಿನ ಅಲ್ಲ."

"ನೀವೇ ಬರ್ದಿದೀರಲ್ಲ. ಕೆರೆ ತಾಯಿ ತುಂಬಿರೋ ಬಗ್ಗೆ, ಕೃಪಾದೃಷ್ಟಿ ಕೋರಿ. ತುಂಬಿದ ಕೆರೆ ಅಂದ್ರೆ ಈಗ ಎಲ್ಲಾ ಬಾಗಿನಾನೇ. ಈ ತಿಂಗಳು ಒಂಬತ್ತು ಬಂದಿದೆ."

"ಒಳಗಡೆ ಬರ್ದಿತ್ತು ಮೇಡಂ. ಏರಿ ಬೆವರ್ತಾ ಇದೆ ಅಂತ."

"ಬೆವರಿದ್ರೆ ಆಸ್ಪತ್ರೆಗೆ ಕಳಿಸ್ಲಾ?" ಸರದಿಯಲ್ಲಿದ್ದವರು ನಕ್ಕರು. ವನಜಾಕ್ಷಿ ನಗಲಿಲ್ಲ. "ನೋಡಮ್ಮ, ದಿನಕ್ಕೆ ನೂರೈವತ್ತು ಕಾಗದ. ಒಳಗಡೆ ಓದೋದು ಆ ಟೇಬಲ್ಲಿನೋರು. ನಾನು ಓದೋದು ವಿಷಯ. ವಿಷಯದಲ್ಲಿ ಏನಿದೆಯೋ ಆ ಟೇಬಲ್ಲಿಗೆ ಹೋಗತ್ತೆ. ಇದರಲ್ಲೂ ಏನಿದೆ? ಏರಿಯಲ್ಲಿ ನೀರು ಬರ್ತಿರೋ ಬಗ್ಗೆ. ಕೆರೇಲಿ ನೀರು ಬರ್ದೆ ಸೀಮೆಎಣ್ಣೆ ಬರತ್ತಾ?"

ಹಿಂದಿನಿಂದ ಯಾರೋ "ಬೇಗ ಆಗ್ಲಿ ತಾಯಿ, ಬಸ್ಸೋಗತ್ತೆ," ಎಂದರು. ಪಂಕಜ ಕಾಗದ ಬಿಡಲಿಲ್ಲ. ಕಿಟಕಿಗೆ ಬಾಗಿ ಹೇಳಿದಳು. "ಮಣ್ಣು ಬರ್ತಾ ಇದೆ ಮೇಡಂ, ನೀರಿನ್ ಜೊತೆ. ಕೆಳಗೆ ಹನ್ನೊಂದು ಮನೆ ಇದೆ. ನನ್ ಮಗಳು ಅಲ್ಲೇ ಮಲಗವ್ಳೆ."

ವನಜಾಕ್ಷಿ ಮೊದಲ ಬಾರಿಗೆ ಕನ್ನಡಕದ ಮೇಲಿಂದ ಅವಳ ಮುಖ ನೋಡಿದರು. ಪೆನ್ನಿಟ್ಟು, ಒಂದು ಬಿಳಿ ಹಾಳೆ ಕಿಟಕಿಯಿಂದ ಹೊರಗೆ ನೂಕಿದರು.

"ಬೇರೆ ಬರಿ. ಉಲ್ಲೇಖ ಹಾಕಲೇಬೇಡ. ಆ ನಂಬರ್ ಹಾಕಿದ್ಯೋ, ಕಂಪ್ಯೂಟರ್ ಹಿಡ್ಕೊಂಡೋಗಿ ಅದೇ ಕಡತಕ್ಕೆ ಕಟ್ಟತ್ತೆ. ನಾನು ಬೇರೆ ಕಡೆ ಬರೆದ್ರೂ ವಾಪಸ್ ಅಲ್ಲಿಗೇ. ಇದು ಹೊಸ ಅರ್ಜಿ. ವಿಷಯದಲ್ಲಿ ಊರು ಯಾವುದು, ಎಲ್ಲಿ, ಏನಾಗ್ತಿದೆ, ಬಿಟ್ರೆ ಏನಾಗತ್ತೆ, ನಿಂಗೇನು ಬೇಕು. ಅಷ್ಟೆ. ತಾಯಿ ಬೇಡ, ಕೃಪೆ ಬೇಡ. ಎದ್ದು ಕಾಣೋ ಮಾತು ಮೊದಲು ಬರಲಿ. ಹೋಗು, ಆ ಬೆಂಚಲ್ಲಿ ಕೂತು ಬರಿ. ಮತ್ತೆ ಸರದಿ ನಿಲ್ಲೋದು ಬೇಡ."

ಬೆಂಚಿನ ಮೇಲೆ ಕೂತು ಪಂಕಜ ಬರೆದಳು. 'ವಿಷಯ: ಮುದ್ದಗೆರೆ ಗ್ರಾಮದ ಕೆರೆ ಏರಿಯು' ಎಂದು ಬರೆದು ನಿಂತಳು.

ಬೇರೆ ಯಾವ ಮಾತಿದೆ ಎಂದು ಹುಡುಕಿದಳು. ಶಿಥಿಲ? ಶಾಲೆಯ ಗೋಡೆಯೂ ಶಿಥಿಲ. ಅದಕ್ಕೆ ಮೇಷ್ಟ್ರು ಕೊಟ್ಟ ಅರ್ಜಿ ನಾಲ್ಕು ವರ್ಷದಿಂದ ಎಲ್ಲೋ ಇದೆ. ದುರಸ್ತಿ? ದುರಸ್ತಿಯೆಂದರೆ ಅಂದಾಜುಪಟ್ಟಿ, ಬೇಸಿಗೆ. ಸೋರಿಕೆ? ನಲ್ಲಿಯೂ ಸೋರುತ್ತದೆ. ಓಡಿಬನ್ನಿ ಎಂದು ಹೇಳುವ ಮಾತು ಒಂದೇ ಇತ್ತು, ಮತ್ತು ಅದು ಊರಿನಲ್ಲಿ ಯಾರೂ ತುಂಬಿದ ನೀರಿನ ಹತ್ತಿರ ಬಾಯಲ್ಲಿ ತರದಿದ್ದ ಮಾತು. ಪೆನ್ನಿನ ತುದಿ ಹಾಳೆಗೆ ತಾಗಿಸಿದಾಗ, ಇಪ್ಪತ್ತೆಂಟು ಮೈಲಿ ದೂರದಲ್ಲಿ ಆ ನೀರು ಕಿವಿಗೊಟ್ಟು ನಿಂತ ಹಾಗಾಯಿತು. ತಾನು ಬರೆಯುತ್ತಿದ್ದಂತೆಯೇ ಅಲ್ಲಿ ಆಗಿಬಿಟ್ಟರೆ? ಮಗುವಿನ ಜ್ವರದ ಮುಖ, ಈರಮ್ಮನ ನಗು. ಕಂಕುಳು ಬೆವರಿ ಕುಪ್ಪಸ ಅಂಟಿಕೊಂಡಿತು. ಅವಳು ಉಸಿರು ಬಿಗಿಹಿಡಿದು ಬರೆದಳು.

'ವಿಷಯ: ಮುದ್ದಗೆರೆ ಕೆರೆ ಏರಿ ಒಡೆಯುವ ಅಪಾಯ: ತೂಬಿನ ಪಕ್ಕ ಮಣ್ಣುಸಮೇತ ನೀರು ಸೋರುತ್ತಿದ್ದು, ಈ ದಿನವೇ ಇಂಜಿನಿಯರರನ್ನು ಕಳಿಸಿ, ಏರಿ ಕೆಳಗಿನ ಹನ್ನೊಂದು ಮನೆಗಳ ಜನರನ್ನು ಸ್ಥಳಾಂತರಿಸುವ ಬಗ್ಗೆ.'

ಕೆಳಗೆ ನಾಲ್ಕೇ ಸಾಲು. ಯಾವತ್ತು ಕಂಡಿತು, ಯಾವತ್ತು ಬಣ್ಣ ತಿರುಗಿತು, ತೂಬು ಎತ್ತಲು ಬರುತ್ತಿಲ್ಲ, ಫೋನ್ ನಂಬರು.

ವನಜಾಕ್ಷಿ ಓದಿದರು. ಈ ಸಲ ಕಂಪ್ಯೂಟರಿನಲ್ಲಿ ಕುಟ್ಟಿದ ಮೇಲೂ ಇನ್ನೊಮ್ಮೆ ಓದಿದರು. ಮೂಲೆಯಲ್ಲಿ 'ಪ್ರಕೃತಿ ವಿಕೋಪ' ಎಂದು ಪೂರ್ತಿಯಾಗಿ ಬರೆದು, ಕೆಳಗೆ 'ತುರ್ತು' ಎಂದು ಎರಡು ಗೆರೆ ಎಳೆದರು. ಅದನ್ನು ಗೂಡಿಗೆ ಹಾಕಲಿಲ್ಲ. ಕುರ್ಚಿ ಹಿಂದಕ್ಕೆ ನೂಕಿ ಎದ್ದರು.

"ಎಲ್ಲಿಗೆ ಮೇಡಂ? ನಮ್ ಕಾಗದ?" ಸರದಿಯಲ್ಲಿದ್ದವನೊಬ್ಬ ಕೂಗಿದ.

"ನಿನ್ ಪಹಣಿ ಎಲ್ಲೂ ಹರ್ಕೊಂಡೋಗಲ್ಲ, ನಿಂತ್ಕೋ."

ಒಳಗಿನ ಕೋಣೆಯಲ್ಲಿ ಪ್ರಕೃತಿ ವಿಕೋಪದ ಟೇಬಲ್ಲು ನೋಡುತ್ತಿದ್ದವನು ರುದ್ರಮುನಿ. ಬೆಳೆನಷ್ಟದ ಪಟ್ಟಿಗಳ ನಡುವೆ ಮುಳುಗಿದ್ದವನು ವಿಷಯದ ಸಾಲು ಓದಿ ಪಟ್ಟಿ ಪಕ್ಕಕ್ಕಿಟ್ಟ. ಪಂಕಜಳನ್ನು ಕೇಳಿದ್ದು ಒಂದೇ ಪ್ರಶ್ನೆ.

"ಮಣ್ಣು ಬರ್ತಿರೋದು ನೀನೇ ನೋಡಿದೀಯಾ?"

"ಲೋಟದಲ್ಲಿ ಹಿಡ್ದು ನೋಡಿದೀವಿ ಸಾರ್."

ಅವನು ಕಾಗದ ಹಿಡಿದು ತಹಶೀಲ್ದಾರರ ಕೋಣೆಗೆ ಹೋದ. ಹತ್ತು ನಿಮಿಷಕ್ಕೆ ಹೊರಬಂದಾಗ ಫೋನು ಕಿವಿಯಲ್ಲಿತ್ತು. ಎರಡು ದಿನ ಸ್ವಿಚ್ ಆಫ್ ಆಗಿದ್ದ ಇಂಜಿನಿಯರಿಗೆ ಇನ್ನೊಂದು ನಂಬರು ಇತ್ತಂತೆ. ಅದು ಕಚೇರಿಯವರಿಗೆ ಮಾತ್ರ ಗೊತ್ತಿತ್ತು. ಒಂದು ಗಂಟೆಗೆ ಜೀಪು ಹೊರಟಿತು. ಪಂಕಜ ಹಿಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಅವಳು ರಸ್ತೆ ಬದಿಯ ಹಳ್ಳಗಳನ್ನು ನೋಡುತ್ತಿದ್ದಳು. ಕೆಂಪು ನೀರು ಕಂಡರೆ ಮುಗಿಯಿತು. ಪ್ರತಿ ಸೇತುವೆಯೂ ಬಂದು ಹೋಗುವವರೆಗೆ ಉಸಿರಾಡಲಿಲ್ಲ.

ಏರಿ ಇತ್ತು. ಮನೆಗಳು ಇದ್ದವು. ಮಗಳು ಈರಮ್ಮನ ಜಗುಲಿಯ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು.

ಜಿಲ್ಲೆಯಿಂದ ನೇರವಾಗಿ ಬಂದ ಇಂಜಿನಿಯರು, ಇನ್ನೂ ಮೀಸೆ ಬಲಿಯದ ಹುಡುಗನಂಥವನು, ಏರಿಯ ಬುಡಕ್ಕೆ ಇಳಿಯುವವರೆಗೆ ಮಾತಾಡುತ್ತಲೇ ಇದ್ದ. ನೀರು ನೋಡಿದ ಮೇಲೆ ಸುಮ್ಮನಾದ. ಬೆಳಿಗ್ಗೆ ಬೆರಳಿನಷ್ಟಿದ್ದ ಬಾಯಿ ಈಗ ಕೈಮುಷ್ಟಿಯಷ್ಟಾಗಿತ್ತು. ಊರಿನ ಇಬ್ಬರು ಗಂಡಸರು ಜೇಡಿಮಣ್ಣಿನ ಉಂಡೆ ತಂದು ತುರುಕಲು ನಿಂತಿದ್ದರು. ಚಿಕ್ಕೀರಯ್ಯ ಅವರನ್ನು ಕೋಲು ಹಿಡಿದು ತಡೆದು ನಿಲ್ಲಿಸಿದ್ದ.

"ಸರಿಯಾಗಿ ಮಾಡಿದ್ರಿ ಯಜಮಾನ್ರೆ," ಎಂದ ಇಂಜಿನಿಯರು. "ಬಾಯಿ ಮುಚ್ಚಿದ್ರೆ ಇನ್ನೊಂದ್ಕಡೆ ಕಿತ್ಕೊಳ್ಳತ್ತೆ. ಮರಳು, ಅದರ ಮೇಲೆ ಜಲ್ಲಿ ಹಾಕಿ ಸುತ್ತ ಚೀಲ ಕಟ್ಟಬೇಕು. ನೀರು ಬರ್ಲಿ, ಮಣ್ಣು ಬರ್ಬಾರ್ದು. ಆ ಕಡೆ ಕೋಡಿ ಎರಡಡಿ ತಗ್ಗಿಸಿ ನೀರು ಇಳಿಸಬೇಕು." ಆಮೇಲೆ ರುದ್ರಮುನಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ದು ಪಂಕಜಳಿಗೂ ಕೇಳಿತು: "ಹಿಡಿಯತ್ತೆ ಅಂತ ಹೇಳಕ್ಕಾಗಲ್ಲ ಸಾರ್. ಮೊದ್ಲು ಮನೆ ಖಾಲಿ ಮಾಡ್ಸಿ."

ಖಾಲಿ ಮಾಡಿಸುವುದು ಸುಲಭವಾಗಲಿಲ್ಲ. ಮೇಷ್ಟ್ರು ಬಂದರು. "ನಾಡಿದ್ದು ಶಾಸಕರು ಬರ್ತಾವ್ರೆ, ಈಗ ಗಂಟುಮೂಟೆ ಕಟ್ಟಿದ್ರೆ ಊರಿನ ಮಾನ ಏನಾಗ್ಬೇಕು?"

"ಶಾಸಕರ ಕಾರ್ಯಕ್ರಮ ರದ್ದಾಗಿದೆ, ಮೇಷ್ಟ್ರೆ," ಎಂದ ರುದ್ರಮುನಿ.

ಈರಮ್ಮ ಹೊಸಲ ಮೇಲೆ ಕಾಲು ಚಾಚಿ ಕೂತುಬಿಟ್ಟಳು. "ನಾನೇಳಲ್ಲ. ನನ್ ರಾಗಿ ಮೂಟೆ, ಕೋಳಿ, ಎಲ್ಲಾ ಬುಟ್ಟು ಎಲ್ಲಿಗೋಗ್ಲಿ? ಯಾರು ನಿಮ್ಗೆ ಹೇಳಿದ್ದು?"

ರುದ್ರಮುನಿ ಕೈಯಲ್ಲಿದ್ದ ಅರ್ಜಿಯ ಮೊದಲ ಸಾಲನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ. ಆ ಮಾತು ಅವನ ಬಾಯಿಂದ ಬಂದಾಗ ನೆರೆದಿದ್ದವರು ಬೆಂಕಿ ತಾಕಿದಂತೆ ಹಿಂದೆ ಸರಿದರು. ಒಬ್ಬ ಮುದುಕಿ ಕಿವಿ ಮುಚ್ಚಿಕೊಂಡಳು.

"ಅದನ್ನ ಯಾವ ಬಾಯಿಗೆ ಮಣ್ಣ್ಬಿದ್ದೋರು ಬರ್ದಿದ್ದು?" ಎಂದಳು ಈರಮ್ಮ.

"ನಾನೇ ಅಕ್ಕ."

ಪಂಕಜ ಮಾವನ ಕಡೆ ನೋಡಿದಳು. ಚಿಕ್ಕೀರಯ್ಯ ಮುಖ ತಿರುಗಿಸಿದ. ಆದರೆ ತಿರುಗಿಸಿದವನು ಸೀದಾ ಈರಮ್ಮನ ಮನೆಯೊಳಗೆ ಹೋಗಿ, ಅವಳ ರಾಗಿ ಮೂಟೆ ಬೆನ್ನಿಗೆ ಹಾಕಿಕೊಂಡು ಹೊರಬಂದು, ಶಾಲೆಯ ದಿಬ್ಬದ ಕಡೆ ನಡೆಯತೊಡಗಿದ. ಮೂಟೆ ಹೋದ ಮೇಲೆ ಈರಮ್ಮ ಬೈಯುತ್ತ ಅದರ ಹಿಂದೆ ಹೋದಳು. ಉಳಿದವರು ಒಬ್ಬೊಬ್ಬರಾಗಿ ಎದ್ದರು. ಕತ್ತಲಾಗುವುದರೊಳಗೆ ಐವತ್ಮೂರು ಜನ, ದನಕರು, ಕೋಳಿ ಎಲ್ಲ ದಿಬ್ಬದ ಮೇಲಿದ್ದವು.

ಗುರುವಾರ ಜೆಸಿಬಿ ಬಂದು ಕೋಡಿಯ ಕಲ್ಲು ಕಿತ್ತಿತು. ನೀರು ಒಂದಡಿ ಇಳಿಯಿತು. ಮರಳಿನ ಚೀಲದ ಒಳಗಿಂದ ಬರುವ ನೀರು ಸ್ವಲ್ಪ ತಿಳಿಯಾಯಿತು ಎಂದು ಒಬ್ಬರು, ಇಲ್ಲ ಎಂದು ಒಬ್ಬರು. ಮಧ್ಯಾಹ್ನ ದಿಬ್ಬದ ಮೇಲೆ ಗೊಣಗಾಟ ಶುರುವಾಯಿತು. ಅಡುಗೆಗೆ ಸೌದೆ ಇಲ್ಲ, ಪಾತ್ರೆಪಗಡಿ ಮನೆಯಲ್ಲೇ ಇದೆ, ಸುಮ್ಮನೆ ಹೆದರಿಸಿದರು. ಪಾತ್ರೆ ತರಲು ಇಳಿಯಹೊರಟ ಇಬ್ಬರನ್ನು ದಿಬ್ಬದ ಬುಡದಲ್ಲಿ ಕಾವಲಿಗೆ ಹಾಕಿದ್ದ ಪೊಲೀಸಿನವನು ಬೈದು ಹಿಂದಕ್ಕೆ ಕಳಿಸಿದ.

ನಾಲ್ಕು ಗಂಟೆಗೆ ಏರಿಯ ಮೇಲೆ ತೂಬಿನ ನೇರಕ್ಕೆ ಒಂದು ಗುಂಡಿ ಬಿತ್ತು, ಕಣಜದ ಬಾಯಿಯಷ್ಟು. ಇಂಜಿನಿಯರು ಕೂಗಿಕೊಂಡ. ಕೆಲಸದವರು ಎರಡೂ ಕಡೆಗೆ ಓಡಿದರು. ಚಿಕ್ಕೀರಯ್ಯ ಕೊನೆಯವನಾಗಿ ಬಂದ, ಓಡದೆ.

ಸದ್ದು ದೊಡ್ಡದೇನೂ ಆಗಲಿಲ್ಲ. ಗುಂಡಿಯ ಎರಡು ಬದಿಯ ಮಣ್ಣು ದಣಿದವನು ಕುಸಿದು ಕೂರುವಂತೆ ಕೆಳಗೆ ಕೂತಿತು. ಆಮೇಲೆ ನೀರು ಬಂತು. ಕಂದು ಬಣ್ಣದ, ಗೋಡೆಯಂಥ ನೀರು. ದಿಬ್ಬದ ಮೇಲಿದ್ದವರು ನಿಂತಲ್ಲೇ ನಿಂತು ನೋಡಿದರು. ಮೊದಲು ನೀರುಗಂಟಿಯ ಮನೆ, ಆಮೇಲೆ ಈರಮ್ಮನದು. ಹೆಂಚಿನ ಸೂರು ಒಂದು ಗಳಿಗೆ ನೀರಿನ ಮೇಲೆ ಹಾಗೇ ಸಾಗಿ ಹೋಗಿ, ಬೇವಿನ ಮರಕ್ಕೆ ತಾಗಿ ಚೆದುರಿತು. ಹನ್ನೊಂದರಲ್ಲಿ ಒಂದೂ ಉಳಿಯಲಿಲ್ಲ.

ರುದ್ರಮುನಿ ಶಾಲೆಯ ಜಗುಲಿಯಲ್ಲಿ ನಿಂತು ಪಟ್ಟಿ ಹಿಡಿದು ಹೆಸರು ಕೂಗಿದ. ಒಬ್ಬೊಬ್ಬರೂ ಓ ಅಂದರು. ಮಕ್ಕಳ ಪರವಾಗಿ ತಾಯಂದಿರು ಅಂದರು. ಎರಡು ಸಲ ಎಣಿಸಿದ. ಐವತ್ಮೂರು.

ಪಂಕಜ ಕಂಬಕ್ಕೆ ಒರಗಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಯಾರ ಮುಖವನ್ನೂ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಗುಂಪಿನ ಆ ತುದಿಯಲ್ಲಿ ಮುದುಕಿಯೊಬ್ಬಳು ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳುತ್ತಿತ್ತು: "ಬರ್ದ್ಲು ನಿನ್ನೆ. ಆಯ್ತು ಇವತ್ತು. ಕೇಳ್ಸ್ಕೊಂತಾಳೆ ಅಂತ ಹೇಳಿರ್ನಿಲ್ವಾ?" ಕೆಲವರು ಹೌದೆನ್ನುವಂತೆ ತಲೆಯಾಡಿಸಿದರು. ಪಂಕಜಳಿಗೇ ಅದು ಸುಳ್ಳೆಂದು ಹೇಳಿಕೊಳ್ಳಲು ಆಗಲಿಲ್ಲ.

ಈರಮ್ಮ ಗುಂಪಿನಿಂದ ಎದ್ದು ಅವಳ ಕಡೆಗೆ ಬಂದಳು. ಬಂದು ಮುಂದೆ ನಿಂತಳು. ಅವಳ ಸೀರೆಯ ಅಂಚು ಪಂಕಜಳ ಕಣ್ಣ ಮುಂದೆ ಇತ್ತು. ಇನ್ನು ಬೈಗುಳ ಬರುತ್ತದೆ, ಅಥವಾ ಕೈ ಬೀಳುತ್ತದೆ ಎಂದು ಪಂಕಜ ಕಣ್ಣು ಮುಚ್ಚಿದಳು.

"ಸರ್ಕೋ," ಎಂದಳು ಈರಮ್ಮ.

ಪಂಕಜ ಸರಿದಳು. ಈರಮ್ಮ ಪಕ್ಕದಲ್ಲಿ ಕೂತು, ಮಗುವಿನ ಹಣೆ ಮುಟ್ಟಿ ನೋಡಿ, ತನ್ನ ಸೆರಗನ್ನು ಅದರ ಮೇಲೆ ಹೊದಿಸಿದಳು. ಕೆಳಗೆ ನೀರು ಹೋಗುತ್ತಲೇ ಇತ್ತು. ಇಬ್ಬರೂ ಆ ಕಡೆ ನೋಡಲಿಲ್ಲ.